ತಿದ್ದಲು ಆಗುವಷ್ಟೇ ಹೋಂವರ್ಕ್ ಕೊಡು

ತಂಗೀ, ನೀನು ಕಳಿಸಿದ ಕರಡು ಓದಿದೆ. ಕಿರಿಯ ಪ್ರಾಥಮಿಕ ವಿಭಾಗದ ಹೊಣೆ ವಹಿಸಿಕೊಂಡ ಮೊದಲ ತಿಂಗಳಲ್ಲೇ ಹೋಂವರ್ಕಿಗೊಂದು ನಿಯಮ ಬರೆಯಲು ಕೂತಿದ್ದೀಯ, ಸಂತೋಷವಾಯಿತು. ಬಹಳಷ್ಟು ಶಾಲೆಗಳಲ್ಲಿ ಇದಕ್ಕೆ ನಿಯಮವೇ ಇರುವುದಿಲ್ಲ. ಪ್ರತಿ ಟೀಚರ್ ತಮ್ಮ ವಿಷಯಕ್ಕೆ ತೋಚಿದಷ್ಟು ಕೊಡುತ್ತಾರೆ, ಎಲ್ಲವೂ ಸೇರಿ ಒಂದೇ ಮಗುವಿನ ತಲೆಯ ಮೇಲೆ ಬೀಳುತ್ತದೆ. ಆದರೆ ನಿನ್ನ ಕರಡಿನ ಮೊದಲ ಸಾಲೇ ನನಗೆ ಒಪ್ಪಿಗೆಯಾಗಲಿಲ್ಲ. ‘ಪ್ರತಿದಿನ ಪ್ರತಿ ವಿಷಯಕ್ಕೆ ಒಂದು ಪುಟ’ ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕು. ಏಕೆಂದು ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದು.

ಮೊದಲು ಸರ್ಕಾರ ಏನು ಹೇಳಿದೆ ಎನ್ನುವುದನ್ನು ಮುಗಿಸಿಬಿಡೋಣ. 1993ರಲ್ಲೇ ಪ್ರೊ. ಯಶ್ ಪಾಲ್ ಸಮಿತಿ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಕೊಡುವುದಾದರೆ ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದು ಮಾತ್ರ ಇರಲಿ ಎಂದಿತ್ತು. 2018ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪು ಬಂದ ಮೇಲೆ ಕೇಂದ್ರವೂ 1 ಮತ್ತು 2ನೇ ತರಗತಿಗೆ ಹೋಂವರ್ಕ್ ಕೂಡದು ಎಂದು ಸುತ್ತೋಲೆ ಕಳಿಸಿತು. ಮರುವರ್ಷ ನಮ್ಮ ರಾಜ್ಯದ ಇಲಾಖೆಯೂ ಬ್ಯಾಗಿನ ತೂಕದ ಆದೇಶದ ಜೊತೆಗೆ ಅದನ್ನೇ ಹೇಳಿತು. 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗಿದೆ: ಎರಡನೇ ತರಗತಿಯವರೆಗೆ ಏನೂ ಇಲ್ಲ; ಮೂರರಿಂದ ಐದನೇ ತರಗತಿಗೆ ಹೆಚ್ಚೆಂದರೆ ವಾರಕ್ಕೆ ಎರಡು ಗಂಟೆ. ಗಮನಿಸು, ದಿನಕ್ಕಲ್ಲ, ವಾರಕ್ಕೆ. ಅದೂ ಎಲ್ಲ ವಿಷಯ ಸೇರಿ. ನಿನ್ನ ಮೂರನೇ ತರಗತಿಯಲ್ಲಿ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ನಾಲ್ಕು ವಿಷಯ. ಒಂದೊಂದು ಪುಟಕ್ಕೆ ಮಗುವಿಗೆ 20 ನಿಮಿಷ ಬೇಕು ಎಂದಿಟ್ಟುಕೋ. ದಿನಕ್ಕೆ 80 ನಿಮಿಷ, ಐದು ದಿನಕ್ಕೆ 400 ನಿಮಿಷ. ಅಂದರೆ ಆರು ಗಂಟೆ ನಲವತ್ತು ನಿಮಿಷ. ಮಿತಿಯ ಮೂರು ಪಟ್ಟಿಗಿಂತ ಹೆಚ್ಚು.

ಆದರೆ ಆದೇಶ ಇದೆ ಎಂಬ ಒಂದೇ ಕಾರಣಕ್ಕೆ ನಿಯಮ ಮಾಡಿದರೆ ಅದು ನಿಲ್ಲುವುದಿಲ್ಲ. ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ ನೆನಪಾಗುತ್ತದೆ. ನಿನ್ನ ಟೀಚರುಗಳಿಗೆ ಅದು ತಮ್ಮದೇ ನಿಯಮ ಅನ್ನಿಸಬೇಕು. ಅದಕ್ಕೆ ದಾರಿ ಒಂದೇ: ಹೋಂವರ್ಕ್ ಎಷ್ಟು ಕೊಡಬೇಕು ಎನ್ನುವುದನ್ನು ಎಷ್ಟು ತಿದ್ದಲು ಸಾಧ್ಯ ಎನ್ನುವುದರಿಂದ ಹಿಂದಕ್ಕೆ ಲೆಕ್ಕ ಹಾಕು.

ನಿನ್ನ ಕನ್ನಡ ಟೀಚರನ್ನೇ ತೆಗೆದುಕೋ. ಮೂರನೇ ತರಗತಿಗೆ ಕನ್ನಡ ಮತ್ತು ಪರಿಸರ ಅಧ್ಯಯನ, ನಾಲ್ಕು ಮತ್ತು ಐದಕ್ಕೆ ಕನ್ನಡ ಅವರದು. ತರಗತಿಗೆ 32 ಮಕ್ಕಳು ಎಂದರೆ ದಿನಕ್ಕೆ 128 ನೋಟ್‌ಬುಕ್. ದಿನದಲ್ಲಿ ಅವರಿಗೆ ಸಿಗುವುದು ಒಂದು ಬಿಡುವಿನ ಪೀರಿಯಡ್, 40 ನಿಮಿಷ. ಭಾಗಿಸಿ ನೋಡು, ಒಂದು ನೋಟ್‌ಬುಕ್ಕಿಗೆ 19 ಸೆಕೆಂಡ್ ಕೂಡ ಬರುವುದಿಲ್ಲ. ಅಷ್ಟರಲ್ಲೇ ಪುಸ್ತಕ ತೆರೆಯಬೇಕು, ಪುಟ ಹುಡುಕಬೇಕು, ಓದಬೇಕು, ಸಹಿ ಹಾಕಿ ತಾರೀಖು ಬರೆಯಬೇಕು. ಆಗ ಕೈ ತಾನಾಗಿಯೇ ಪುಟದ ಉದ್ದಕ್ಕೂ ಒಂದು ದೊಡ್ಡ ರೈಟ್ ಮಾರ್ಕ್ ಎಳೆಯುತ್ತದೆ. ಅದು ಸೋಮಾರಿತನ ಎಂದು ಬಯ್ಯಬೇಡ. 19 ಸೆಕೆಂಡಿನಲ್ಲಿ ಯಾರ ಕೈಯಲ್ಲೂ ಅಷ್ಟೇ ಆಗುವುದು. ಇಲ್ಲವಾದರೆ ಆ ಹೆಣ್ಣುಮಗಳು ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಮನೆಗೆ ಹೊತ್ತೊಯ್ಯುತ್ತಾಳೆ, ರಾತ್ರಿ ತನ್ನ ಮಗುವಿಗೆ ಊಟ ಬಡಿಸಿ ಹತ್ತು ಗಂಟೆಗೆ ತಿದ್ದಲು ಕೂರುತ್ತಾಳೆ. ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರ ವಾರದ ಕೆಲಸಕ್ಕೆ ನಿಗದಿ ಮಾಡಿರುವ ಕನಿಷ್ಠ 45 ಗಂಟೆಯಲ್ಲಿ ಪಾಠದ ತಯಾರಿಯೂ ಸೇರಿದೆ. ತಿದ್ದುವ ಕೆಲಸ ಆ ಹೊತ್ತನ್ನೆಲ್ಲ ನುಂಗಿದರೆ ನಾಳೆಯ ಪಾಠಕ್ಕೆ ತಯಾರಿ ಯಾವಾಗ?

ಇನ್ನು ಆ ದೊಡ್ಡ ರೈಟ್ ಮಾರ್ಕಿನಿಂದ ಮಗುವಿಗೆ ಆಗುವ ಹಾನಿ. ಒಂದು ಲೆಕ್ಕವನ್ನೇ ಹಿಡಿದು ನೋಡೋಣ. ಮೂರನೇ ತರಗತಿಯಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಿಸುತ್ತೀರಿ. 53ರಿಂದ 27 ಕಳೆಯಬೇಕು. ಉತ್ತರ 26. ಕೆಲವು ಮಕ್ಕಳು 34 ಎಂದು ಬರೆಯುತ್ತಾರೆ. ಅವರು 3ರಿಂದ 7 ಹೋಗುವುದಿಲ್ಲ ಎಂದು ಕಂಡಾಗ ತಿರುಗಿಸಿ 7ರಿಂದ 3 ಕಳೆಯುತ್ತಾರೆ, 4. ಆಮೇಲೆ 5ರಿಂದ 2, ಅಲ್ಲಿಗೆ 3. ಇನ್ನು ಕೆಲವರು 36 ಎಂದು ಬರೆಯುತ್ತಾರೆ. ಅವರು ದಶಕ ಸರಿಯಾಗಿಯೇ ತೆಗೆದುಕೊಂಡಿದ್ದಾರೆ, 13ರಿಂದ 7 ಕಳೆದು 6 ಬರೆದಿದ್ದಾರೆ. ಆದರೆ ಹತ್ತರ ಸ್ಥಾನದಲ್ಲಿ 5 ಇದ್ದದ್ದು 4 ಆಯಿತು ಎನ್ನುವುದನ್ನು ಮರೆತಿದ್ದಾರೆ. ಈ ಎರಡು ತಪ್ಪು ಒಂದೇ ಅಲ್ಲ. ಮೊದಲನೆಯ ಮಗುವಿಗೆ ದಶಕ ಬಿಡಿಸುವುದೇ ಅರ್ಥವಾಗಿಲ್ಲ. ಎರಡನೆಯದಕ್ಕೆ ಅರ್ಥವಾಗಿದೆ, ಬರೆದಿಟ್ಟುಕೊಳ್ಳುವ ಅಭ್ಯಾಸ ಆಗಿಲ್ಲ. ಇಬ್ಬರಿಗೂ ಕೆಂಪು ಶಾಯಿಯಲ್ಲಿ ಒಂದೇ ಬಗೆಯ ಇಂಟು ಮಾರ್ಕ್ ಬಿದ್ದರೆ ಇಬ್ಬರಿಗೂ ಉಪಯೋಗವಿಲ್ಲ. ಇದೇ ಬಗೆಯ ಹತ್ತು ಲೆಕ್ಕ ಮನೆಗೆ ಕೊಟ್ಟೆವು ಅನ್ನು, ಮೊದಲನೆಯ ಮಗು ಆ ಸಂಜೆ ತಪ್ಪು ದಾರಿಯನ್ನೇ ಹತ್ತು ಸಲ ಅಭ್ಯಾಸ ಮಾಡಿ ಗಟ್ಟಿಮಾಡಿಕೊಂಡು ಬರುತ್ತದೆ. ಅದರ ಮೇಲೆ ನಾವು ರೈಟ್ ಮಾರ್ಕ್ ಎಳೆದರಂತೂ ಮುಗಿಯಿತು, ಅದನ್ನು ಬಿಡಿಸಲು ಮತ್ತೆ ವಾರಗಳು ಬೇಕು.

ಹಾಗಾಗಿ ಹತ್ತು ಲೆಕ್ಕ ಬೇಡ, ಮೂರು ಸಾಕು. ಆದರೆ ಆ ಮೂರನ್ನು ಆರಿಸುವಾಗ ಯೋಚನೆ ಇರಬೇಕು. 48ರಿಂದ 23 ಕಳೆಯುವುದು ಒಂದು. ಇದರಲ್ಲಿ ದಶಕದ ಮಾತಿಲ್ಲ, ಇದೇ ತಪ್ಪಾದರೆ ಮಗು ಇನ್ನೂ ಹಿಂದೆ ಇದೆ ಎಂದು ತಿಳಿ. 53ರಿಂದ 27 ಇನ್ನೊಂದು. 70ರಿಂದ 34 ಮೂರನೆಯದು, ಸೊನ್ನೆ ಬಂದಾಗ ಏನು ಮಾಡುತ್ತಾರೆ ಎಂದು ನೋಡಲು. ಸರಿಯುತ್ತರ 36, ತಿರುಗಿಸಿ ಕಳೆದವರಿಗೆ 44, ಹತ್ತನ್ನು ಇಳಿಸಲು ಮರೆತವರಿಗೆ 46, ಸೊನ್ನೆಯಿಂದ ಏನು ಕಳೆದರೂ ಸೊನ್ನೆ ಎಂದುಕೊಂಡವರಿಗೆ 40 ಬರುತ್ತದೆ. ಉತ್ತರ ನೋಡಿದರೆ ಸಾಕು, ಮಗು ಯಾವ ದಾರಿ ಹಿಡಿದಿದೆ ಎಂದು ಗೊತ್ತಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ, ನಿನ್ನ ಗಣಿತದ ಟೀಚರಿಗೆ ತಪ್ಪದೆ ಹೇಳು. 52ರಿಂದ 27 ಕಳೆಯುವ ಲೆಕ್ಕ ಕೊಡಬಾರದು. ಅದರಲ್ಲಿ ತಿರುಗಿಸಿ ಕಳೆದರೂ 35, ಹತ್ತನ್ನು ಇಳಿಸಲು ಮರೆತರೂ 35. ಬಿಡಿಯ ಸ್ಥಾನದ ಅಂಕಿಗಳ ನಡುವೆ ಐದರ ವ್ಯತ್ಯಾಸ ಇದ್ದಾಗಲೆಲ್ಲ ಹೀಗೆ ಎರಡು ತಪ್ಪೂ ಒಂದೇ ಉತ್ತರ ಕೊಡುತ್ತವೆ, ಯಾವ ತಪ್ಪೆಂದು ಗೊತ್ತಾಗುವುದಿಲ್ಲ.

ಮಕ್ಕಳಿಗೆ ತಾಳೆ ನೋಡುವುದನ್ನು ಮೊದಲ ದಿನದಿಂದಲೇ ಕಲಿಸಿ. ಬಂದ ಉತ್ತರಕ್ಕೆ ಕಳೆದದ್ದನ್ನು ಕೂಡಿದರೆ ಮೊದಲಿನ ಸಂಖ್ಯೆ ಬರಬೇಕು. 34ಕ್ಕೆ 27 ಕೂಡಿದರೆ 61, ಅದು 53 ಅಲ್ಲ, ಎಂದರೆ ಎಲ್ಲೋ ತಪ್ಪಿದೆ. ತಪ್ಪಾದದ್ದನ್ನು ರಬ್ಬರಿನಲ್ಲಿ ಅಳಿಸುವುದು ಬೇಡ, ಒಂದು ಗೆರೆ ಎಳೆದು ಪಕ್ಕದಲ್ಲಿ ಇನ್ನೊಮ್ಮೆ ಮಾಡಲಿ. ಅಳಿಸಿದರೆ ಮಗು ಯೋಚಿಸಿದ ದಾರಿಯೂ ಅಳಿಸಿಹೋಗುತ್ತದೆ, ಟೀಚರಿಗೆ ಬೇಕಾದದ್ದು ಅದೇ.

ಮರುದಿನ ಬೆಳಿಗ್ಗೆ ಏನಾಗುತ್ತದೆ ನೋಡು. ಮೂರು ಉತ್ತರ ನೋಡಲು ಒಂದು ನೋಟ್‌ಬುಕ್ಕಿಗೆ 15 ಸೆಕೆಂಡ್ ಧಾರಾಳವಾಯಿತು. 32 ನೋಟ್‌ಬುಕ್ಕಿಗೆ ಎಂಟು ನಿಮಿಷ. ಮಕ್ಕಳು ಪುಟ ತೆರೆದೇ ಮೇಜಿನ ಮೇಲೆ ಇಡಬೇಕು, ಒಂದರ ಮೇಲೊಂದು, ಪುಟ ಹುಡುಕುವ ಕೆಲಸ ಇರಬಾರದು. ಟೀಚರ್ ಬರೆಯುವುದು ಏನೂ ಇಲ್ಲ, ಗುಂಪು ಮಾಡುವುದಷ್ಟೇ. ಹತ್ತೊಂಬತ್ತು ಸರಿ, ಏಳು ಮಕ್ಕಳದು 34, ನಾಲ್ವರದು 36, ಇಬ್ಬರು ಮಾಡಿಲ್ಲ ಎಂದಿಟ್ಟುಕೋ. ಸರಿ ಮಾಡಿದವರು ತಾವೇ ಮೂರು ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಲಿ. ಆ ಏಳು ಮಕ್ಕಳನ್ನು ಮುಂದೆ ಕರೆದು ಕಡ್ಡಿ ಕಟ್ಟುಗಳನ್ನು ಅವರ ಕೈಗೆ ಕೊಡಬೇಕು. ಹತ್ತರ ಐದು ಕಟ್ಟು, ಮೂರು ಬಿಡಿ ಕಡ್ಡಿ. ‘ನನಗೆ 27 ಕೊಡಿ’ ಎಂದು ಕೇಳಬೇಕು. ಏಳು ಬಿಡಿ ಕಡ್ಡಿ ಕೊಡಬೇಕಾದಾಗ ಮೂರೇ ಇವೆ, ಒಂದು ಕಟ್ಟು ಬಿಚ್ಚದೆ ಗತಿಯಿಲ್ಲ. ಆ ಕಟ್ಟು ಮಗು ತನ್ನ ಕೈಯಲ್ಲೇ ಬಿಚ್ಚಬೇಕು, ಟೀಚರ್ ಬಿಚ್ಚಿ ತೋರಿಸುವುದಲ್ಲ. ಉಳಿದ ನಾಲ್ವರಿಗೆ ಕಡ್ಡಿ ಬೇಕಿಲ್ಲ, 5ನ್ನು ಹೊಡೆದು ಮೇಲೆ 4 ಬರೆಯುವುದನ್ನು ರೂಢಿ ಮಾಡಿಸಿದರೆ ಆಯಿತು. ಹೋಂವರ್ಕ್ ಮಾಡದ ಇಬ್ಬರನ್ನು ನಿಲ್ಲಿಸಬೇಡಿ, ಇಂಪೊಸಿಷನ್ ಕೊಡಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅವರು ಅಲ್ಲೇ ಕೂತು ಆ ಮೂರು ಲೆಕ್ಕ ಮಾಡಲಿ, ಐದು ನಿಮಿಷದ ಕೆಲಸ.

ಕನ್ನಡಕ್ಕೂ ಇದೇ ರೀತಿ. ಪಾಠದ ಪ್ರಶ್ನೋತ್ತರವನ್ನು ಬೋರ್ಡಿನಿಂದ ಇಳಿಸಿಕೊಂಡು ಮನೆಯಲ್ಲಿ ಇನ್ನೊಮ್ಮೆ ಶುದ್ಧವಾಗಿ ಬರೆಯುವುದರಿಂದ ಕೈ ನೋಯುತ್ತದೆ, ಕಲಿಕೆ ಆಗುವುದಿಲ್ಲ. ತನ್ನದೇ ಮೂರು ವಾಕ್ಯ ಬರೆದು ತರಲಿ. ಟೀಚರ್ ಆ ವಾರ ಒಂದೇ ವಿಷಯ ನೋಡಲಿ, ಒತ್ತಕ್ಷರ ಅಂದರೆ ಒತ್ತಕ್ಷರ. ‘ಅಜ್ಜಿ’ಯನ್ನು ‘ಅಜಿ’ ಎಂದು ಬರೆದಿದ್ದರೆ ಆ ಸಾಲಿನ ಪಕ್ಕ ಒಂದು ಚುಕ್ಕೆ ಇಡಲಿ, ತಪ್ಪು ಎಲ್ಲಿದೆ ಎಂದು ಮಗುವೇ ಹುಡುಕಲಿ. ದೀರ್ಘ, ಅಲ್ಪಪ್ರಾಣ ಮಹಾಪ್ರಾಣಗಳ ಸರದಿ ಮುಂದಿನ ವಾರಗಳಲ್ಲಿ ಬರುತ್ತದೆ. ಎಲ್ಲ ತಪ್ಪನ್ನೂ ಒಂದೇ ಸಲ ಕೆಂಪು ಮಾಡಿದರೆ ಮಗು ಏನನ್ನೂ ನೋಡುವುದಿಲ್ಲ, ಪುಟ ತಿರುವಿಬಿಡುತ್ತದೆ. ಹೀಗೆ ನೋಡಲು ನೋಟ್‌ಬುಕ್ಕಿಗೆ ಅರ್ಧ ನಿಮಿಷ, ತರಗತಿಗೆ 16 ನಿಮಿಷ.

ಈಗ ವೇಳಾಪಟ್ಟಿಗೆ ಬಾ. ಮೂರನೇ ತರಗತಿಗೆ ಸೋಮವಾರ ಗಣಿತ, ಮಂಗಳವಾರ ಕನ್ನಡ, ಗುರುವಾರ ಇಂಗ್ಲಿಷ್, ಶುಕ್ರವಾರ ಪರಿಸರ ಅಧ್ಯಯನ. ದಿನಕ್ಕೆ ಒಂದೇ ವಿಷಯ, 20 ನಿಮಿಷ. ಬುಧವಾರ, ಶನಿವಾರ, ಭಾನುವಾರ ಏನೂ ಇಲ್ಲ. ಅಲ್ಲಿಗೆ 80 ನಿಮಿಷ. ಆ ನಾಲ್ಕು ದಿನ ಹತ್ತು ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ಎರಡು ಗಂಟೆ ತುಂಬಿತು. ನಾಲ್ಕನೇ ತರಗತಿಗೆ ಕನ್ನಡದ ದಿನ ಬೇರೆ, ಐದಕ್ಕೆ ಇನ್ನೊಂದು. ಹಾಗೆ ಹಂಚಿದರೆ ನಿನ್ನ ಕನ್ನಡ ಟೀಚರಿಗೆ ಯಾವ ದಿನವೂ ಎರಡು ಕಟ್ಟು ನೋಟ್‌ಬುಕ್ ಬರುವುದಿಲ್ಲ. ವಾರಕ್ಕೆ ಮೂರು ಕಟ್ಟು, ಒಂದೊಂದಕ್ಕೆ 16 ನಿಮಿಷ, ಒಟ್ಟು 48 ನಿಮಿಷ. ಐದು ದಿನದ ಬಿಡುವಿನ ಪೀರಿಯಡ್ಡುಗಳು 200 ನಿಮಿಷ ಇವೆ. ಉಳಿದದ್ದು ಪಾಠದ ತಯಾರಿಗೆ. ನೋಟ್‌ಬುಕ್ ಮನೆಗೆ ಹೊತ್ತೊಯ್ಯಬಾರದು ಎಂದು ನಿಯಮದಲ್ಲೇ ಬರೆ.

ಮೇಲೆ ಹೇಳಿದ 20 ನಿಮಿಷ ಮಗುವಿನ 20 ನಿಮಿಷ. ನಿಧಾನವಾಗಿ ಬರೆಯುವ ಮಗುವಿಗೆ ಅದೇ ಕೆಲಸ ಒಂದು ಗಂಟೆ ಹಿಡಿಯಬಹುದು. ಅದಕ್ಕೆ ನಿಲ್ಲಿಸುವ ನಿಯಮವೂ ಬೇಕು: 20 ನಿಮಿಷ ಆದ ಕೂಡಲೇ ಎಲ್ಲಿಗೆ ಬಂದಿದೆಯೋ ಅಲ್ಲಿ ಒಂದು ಗೆರೆ ಎಳೆದು ಪುಸ್ತಕ ಮುಚ್ಚಬೇಕು. ಮನೆಯವರು ಗೆರೆಯ ಪಕ್ಕ ಸಹಿ ಹಾಕಿದರೆ ಸಾಕು. ಆ ಗೆರೆ ಟೀಚರಿಗೆ ಬಹಳ ಹೇಳುತ್ತದೆ. ಹತ್ತು ಮಕ್ಕಳ ಗೆರೆ ಮೊದಲ ಲೆಕ್ಕದಲ್ಲೇ ನಿಂತಿದ್ದರೆ ತೊಂದರೆ ಇರುವುದು ಆ ದಿನದ ಪಾಠದಲ್ಲಿ.

ಮನೆಯ ಸಂಜೆಯನ್ನೂ ಸ್ವಲ್ಪ ಎಣಿಸು. ಮಗು ನಾಲ್ಕೂಮುಕ್ಕಾಲಿಗೆ ವ್ಯಾನಿನಿಂದ ಇಳಿಯುತ್ತದೆ. ಗಾರ್ಮೆಂಟ್ಸಿಗೆ ಹೋಗುವ ತಾಯಿ ಮನೆ ಸೇರುವುದು ಏಳಕ್ಕೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಆರೂವರೆಗೆ ಏಳುವ ಮಗು ಒಂಬತ್ತಕ್ಕೆ ಮಲಗಬೇಕು. ತಾಯಿ ಮಗು ಜೊತೆಯಲ್ಲಿರುವುದು ಎರಡೇ ಗಂಟೆ, ಅದರಲ್ಲಿ ಅಡುಗೆ, ಊಟ. ನಾಲ್ಕು ಪುಟದ ಹೋಂವರ್ಕ್ ಅಲ್ಲಿ ಕೂತರೆ ಆ ಮನೆಯಲ್ಲಿ ದಿನಾ ಕೇಳುವ ಮಾತು ‘ಬರೀ, ಬೇಗ ಬರೀ’ ಅಷ್ಟೇ ಆಗುತ್ತದೆ. ಓದು ಬರಹ ಬಾರದ ತಾಯಿಯಾದರೆ ಪಕ್ಕದ ಮನೆಯ ಹುಡುಗಿಯ ಹತ್ತಿರ ಕಳಿಸುತ್ತಾಳೆ, ಇಲ್ಲವೇ ದುಡ್ಡು ಕೊಟ್ಟು ಟ್ಯೂಷನ್ನಿಗೆ ಹಾಕುತ್ತಾಳೆ. ಆದ್ದರಿಂದ ದೊಡ್ಡವರು ಕಲಿಸಿಕೊಡಬೇಕಾದ ಯಾವ ಕೆಲಸವೂ ಹೋಂವರ್ಕಿನಲ್ಲಿ ಇರಕೂಡದು. ಶಾಲೆಯಲ್ಲಿ ಕಲಿತಾಗಿದೆ, ಒಬ್ಬನೇ ಮಾಡಬಲ್ಲ, ಇನ್ನಷ್ಟು ರೂಢಿಯಾಗಬೇಕು ಎನ್ನುವುದು ಮಾತ್ರ ಮನೆಗೆ ಹೋಗಲಿ. ಚಾರ್ಟು, ಥರ್ಮಾಕೋಲ್ ಮಾದರಿ ಇವೆಲ್ಲ ತಂದೆಯ ಜೇಬಿನಿಂದಲೂ ತಾಯಿಯ ಕೈಯಿಂದಲೂ ಆಗುವ ಕೆಲಸ, ನಿಲ್ಲಿಸಿಬಿಡು.

ಶುಕ್ರವಾರದ ಪರಿಸರ ಅಧ್ಯಯನ ಮನೆಯವರನ್ನು ಸೇರಿಸಿಕೊಳ್ಳುವಂತೆ ಇರಲಿ, ಆದರೆ ಮಾತಿನಲ್ಲಿ. ರಾತ್ರಿ ಊಟಕ್ಕೆ ಏನೇನು ಮಾಡಿದ್ದರು, ಯಾರು ಮಾಡಿದರು, ಬೇಳೆ ಎಲ್ಲಿಂದ ಬಂತು; ನೀರು ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಕೊಡ ತುಂಬಿಸುತ್ತಾರೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವವರು ತಮ್ಮ ಮಾತಿನಲ್ಲೇ ಹೇಳಲಿ, ಮಗು ತರಗತಿಯಲ್ಲಿ ಕನ್ನಡದಲ್ಲಿ ಹೇಳಲಿ. 2020ರ ನೀತಿಯೂ ಇಂಥ ಮಾತುಕತೆಯನ್ನೇ ಸೂಚಿಸಿದೆ. ಇದಕ್ಕೆ ನೋಟ್‌ಬುಕ್ ಇಲ್ಲ, ತಿದ್ದುವುದೂ ಇಲ್ಲ.

ಒಂದು, ಎರಡನೇ ತರಗತಿಗೆ ಬರೆಯುವ ಕೆಲಸ ಯಾವುದೂ ಬೇಡ. ಹಾಗೆಂದು ಅಭ್ಯಾಸ ಬೇಡ ಎಂದಲ್ಲ. ಅಕ್ಷರ, ಕಾಗುಣಿತ, ಮಗ್ಗಿ ದಿನವೂ ಬೇಕು, ಅದಕ್ಕೆ ಜಾಗ ಶಾಲೆ. ಬೆಳಿಗ್ಗೆಯ ಮೊದಲ ಹತ್ತು ನಿಮಿಷ ಸ್ಲೇಟು ಹಿಡಿಸಿ, ನಿನ್ನೆ ಕಲಿತದ್ದರಲ್ಲಿ ಎರಡು ಪದ, ಕಳೆದ ವಾರದ್ದು ಎರಡು, ಕಳೆದ ತಿಂಗಳಿನದು ಒಂದು. ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಂಡದ್ದೇ ಗಟ್ಟಿಯಾಗಿ ಉಳಿಯುತ್ತದೆ, ಅದೇ ದಿನ ಹತ್ತು ಸಲ ಬರೆದದ್ದು ಉಳಿಯುವುದಿಲ್ಲ. ಸ್ಲೇಟು ಮೇಲೆತ್ತಿ ಎಂದರೆ 30 ಸ್ಲೇಟು ಒಂದೇ ನೋಟಕ್ಕೆ ಕಾಣುತ್ತವೆ, ‘ಕೊ’ ಬರೆಯುವಲ್ಲಿ ಯಾರು ‘ಕೂ’ ಬರೆದಿದ್ದಾರೆ ಎಂದು ಅಲ್ಲೇ ಗೊತ್ತಾಗುತ್ತದೆ, ಅಲ್ಲೇ ತಿದ್ದಬಹುದು.

ಪೋಷಕರು ಬಂದು ‘ಪಕ್ಕದ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಯುಕೆಜಿಗೇ ನಾಲ್ಕು ಪುಟ ಕೊಡ್ತಾರೆ, ನೀವು ಏನೂ ಕೊಡಲ್ಲ’ ಎಂದು ಕೇಳಿಯೇ ಕೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡ. ಫೀಸು ಕಟ್ಟುವವರಿಗೆ ಒಳಗೆ ಏನು ನಡೆಯುತ್ತಿದೆ ಎಂದು ಕಾಣುವುದು ಹೋಂವರ್ಕಿನಲ್ಲಿ ಮಾತ್ರ. ಹೋಂವರ್ಕ್ ಕಡಿಮೆ ಮಾಡುವವಳು ಬೇರೆ ಏನಾದರೂ ಕಾಣುವಂತೆ ಮಾಡಬೇಕು. ಹದಿನೈದು ದಿನಕ್ಕೊಮ್ಮೆ ಮಗುವಿನ ತರಗತಿಯ ನೋಟ್‌ಬುಕ್ ಮನೆಗೆ ಕಳಿಸು, ನೋಡಿ ವಾಪಸು ಕೊಡಲಿ. ಅಮೆರಿಕದ ಹ್ಯಾರಿಸ್ ಕೂಪರ್ ಎಂಬ ಪ್ರಾಧ್ಯಾಪಕರು 1989ರಲ್ಲೂ 2006ರಲ್ಲೂ ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಹೈಸ್ಕೂಲಿನಲ್ಲಿ ಹೋಂವರ್ಕಿಗೂ ಅಂಕಕ್ಕೂ ಕಾಣುವ ನಂಟು ಸಣ್ಣ ತರಗತಿಗಳಲ್ಲಿ ತೀರಾ ತೆಳುವಾಗಿತ್ತು. ಇದನ್ನೂ ಹೇಳು, ಆದರೆ ಪೋಷಕರನ್ನು ಒಪ್ಪಿಸುವುದು ಮಗು ಅವರೆದುರು ಒಂದು ಪುಟ ತಡವರಿಸದೆ ಓದಿದಾಗ.

ನಿಯಮ ಹಳಿ ತಪ್ಪುತ್ತಿದೆ ಎಂದು ತಿಳಿಯಲು ಒಂದು ಪರೀಕ್ಷೆ ಇಟ್ಟುಕೋ. ತಿಂಗಳಿಗೊಮ್ಮೆ, ಹೇಳದೆ ಕೇಳದೆ, ಹಿಂದಿನ ರಾತ್ರಿಯ ಹೋಂವರ್ಕಿನ ಒಂದು ಲೆಕ್ಕವನ್ನು ಬೆಳಿಗ್ಗೆ ಬೋರ್ಡಿನ ಮೇಲೆ ಬರೆದು ಸ್ಲೇಟಿನಲ್ಲಿ ಮಾಡಿಸು. ನೋಟ್‌ಬುಕ್ಕಿನಲ್ಲಿ ಸರಿ ಇದ್ದು ಸ್ಲೇಟಿನಲ್ಲಿ ತಪ್ಪಾದರೆ ಆ ಹೋಂವರ್ಕ್ ಮಾಡಿದ್ದು ಮಗುವಲ್ಲ. ಅಂಥವರು ನಾಲ್ಕೈದು ಮಂದಿಗಿಂತ ಹೆಚ್ಚಿದ್ದರೆ ಕೊಟ್ಟ ಕೆಲಸವೇ ಕಷ್ಟದ್ದು ಎಂದು ಅರ್ಥ, ಮುಂದಿನ ವಾರ ಇಳಿಸಬೇಕು. ಹಾಗೆಯೇ ವಾರಕ್ಕೊಮ್ಮೆ ಯಾವುದಾದರೂ ಐದು ನೋಟ್‌ಬುಕ್ ತರಿಸಿ ನೋಡು. ತಪ್ಪಿನ ಮೇಲೆ ರೈಟ್ ಮಾರ್ಕ್ ಕಂಡರೆ ಟೀಚರನ್ನು ಗದರಿಸುವ ಮೊದಲು ಆ ವಾರ ಅವರ ಬಿಡುವಿನ ಪೀರಿಯಡ್ಡನ್ನು ಯಾರು ಕಿತ್ತುಕೊಂಡಿದ್ದಾರೆ ನೋಡು. ರಜೆ ಹಾಕಿದವರ ತರಗತಿಗೆ ಕಳಿಸಿದ್ದು ಬಹುಶಃ ನೀನೇ ಇರುತ್ತೀಯ.

ಈ ಎಲ್ಲವನ್ನೂ ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆ. ಮೊದಲು ನಿನ್ನ ಟೀಚರುಗಳ ಮುಂದಿಡು, ದಿನಗಳ ಹಂಚಿಕೆ ಅವರೇ ಮಾಡಿಕೊಳ್ಳಲಿ. ಆಮೇಲೆ ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳು, ಓದು ಬಾರದವರೂ ಅಲ್ಲಿರುತ್ತಾರೆ. ದಸರಾ ರಜೆಯ ತನಕ ನಡೆಸಿ ನೋಡಿ, ರಜೆಗೆ ಯಾವ ಹೋಂವರ್ಕೂ ಕೊಡದೆ ಕಳಿಸು.